ಒಂದು ಬರಬೇಕಾದಲ್ಲಿ ಬಂದ 0.01745

ಸವದತ್ತಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಗಣಿತದ ಅತಿಥಿ ಉಪನ್ಯಾಸಕಿಯಾಗಿದ್ದ ಎರಡನೆಯ ವರ್ಷದ ಮಾತಿದು. ಅತಿಥಿ ಅಂದಮೇಲೆ ಗೊತ್ತೇ ಇದೆ, ವರ್ಷ ಮುಗಿದೊಡನೆ ಮನೆಗೆ ಹೋಗಬೇಕಾದವಳು. ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಬಿಡುತ್ತಾರೋ ಯಾರೂ ಹೇಳುವುದಿಲ್ಲ. ಆ ವರ್ಷ ಪ್ರಾಚಾರ್ಯರು ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟಿದ್ದರು: "ಗುರುವಾರ ತಪಾಸಣಿಗೆ ಸಾಹೇಬ್ರು ಬರ್ತಾರ. ನಿಮ್ಮ ಪಾಠಕ್ಕ ಕುಂದರ್ತಾರ. ಅವರ ಷರಾ ಛಲೋ ಇದ್ರ ಮುಂದಿನ ವರ್ಷ ನಿಮ್ಮನ್ನ ಇಟಗೊಳ್ಳಾಕ ನನಗೂ ಹಗೂರ ಆಗತೈತ್ರಿ ಮೇಡಂ."

ನಮ್ಮದು ಮನೋಳಿ. ಅಪ್ಪ ಗೌಂಡಿ, ಗೋಡೆ ಕಟ್ಟುವ ಕೆಲಸ. ಅವ್ವ ಅವನ ಕೈಗೆ ಗಾರೆಯ ಬುಟ್ಟಿ ಕೊಟ್ಟವಳು. ನಮ್ಮ ಓಣಿಯಲ್ಲಿ ಮೊದಲು ಬಿ.ಎಸ್ಸಿ. ಮಾಡಿದವಳು ನಾನೇ, ಎಂ.ಎಸ್ಸಿ. ಮಾಡಿದವಳೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಬೈಲಹೊಂಗಲಕ್ಕೆ ದಿನವೂ ಬಸ್ಸಿನಲ್ಲಿ ನಿಂತು ಹೋಗಿ ಓದಿದೆ. ನಿಂತೇ ಬಾಯಿಪಾಠ ಮಾಡಿದೆ. ಹೇಳಲು ನಾಚಿಕೆಯಾಗುವ ಮಾತು ಅದು. ಪ್ರಮೇಯಗಳನ್ನು ನಾನು ಶರಣರ ವಚನ ಕಲಿತ ಹಾಗೆ ಕಲಿತಿದ್ದೆ, ಒಂದು ಅಕ್ಷರ ಬಿಡದೆ. ಕೇಳುವವರು ಎದುರಿಗಿಲ್ಲದಿದ್ದರೆ ಬಾಯಿಪಾಠಕ್ಕೂ ತಿಳಿವಳಿಕೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗುರುವಾರದ ಪಾಠ ಮಿತಿಯದು, ಅಂದರೆ ಲಿಮಿಟ್‌ನದು. x ಸೊನ್ನೆಯ ಹತ್ತಿರ ಹತ್ತಿರ ಹೋದಂತೆ, ಸೈನ್ x ಅನ್ನು x ನಿಂದ ಭಾಗಿಸಿದರೆ ಉತ್ತರ ಒಂದರ ಹತ್ತಿರ ಹೋಗುತ್ತದೆ. 'x ರೇಡಿಯನ್‌ನಲ್ಲಿರಬೇಕು' ಅಂತ ಪಕ್ಕಕ್ಕೆ ಒಂದು ಮಾತು. ನಾನು ಆ ಮಾತನ್ನೂ ಬಾಯಿಪಾಠ ಮಾಡಿದ್ದೆ.

ಸಾಹೇಬರ ಮುಂದೆ ಏನಾದರೂ ಹೊಸದು ಮಾಡಿ ತೋರಿಸೋಣ ಅಂತ ಲ್ಯಾಬಿನ ಕ್ಯಾಲ್ಕುಲೇಟರ್ ಒಂದನ್ನು ತಂದಿದ್ದೆ. ಮಕ್ಕಳ ಕೈಯಲ್ಲೇ ಗುಂಡಿ ಒತ್ತಿಸಬೇಕು, 0.8415, 0.9983, 0.99998 ಅಂತ ಉತ್ತರ ಒಂದೊಂದೇ ಮೆಟ್ಟಿಲು ಹತ್ತಿ ಒಂದರ ಬಾಗಿಲಿಗೆ ಬರಬೇಕು. ಕಣ್ಣಿಗೆ ಕಂಡಮೇಲೆ ಬೋರ್ಡಿನಲ್ಲಿ ಅದರ ಸಾಧನೆ, ಅಂದರೆ ಪ್ರೂಫು. ಯೋಜನೆ ಚಂದವೇ ಇತ್ತು.

ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತು ರಿಜಿಸ್ಟರ್ ತೆರೆದರು. ಹಿಂದೊಮ್ಮೆ ತಾವೂ ಗಣಿತ ಕಲಿಸಿದವರಂತೆ. ನಾನು ಮುಂದಿನ ಸಾಲಿನಲ್ಲಿದ್ದ ಚಚಡಿ ಊರಿನ ಹುಡುಗಿಯೊಬ್ಬಳನ್ನು ಎಬ್ಬಿಸಿದೆ. ಹೆಚ್ಚು ಮಾತಾಡದ ಹುಡುಗಿ, ಅದಕ್ಕೇ ಆರಿಸಿದ್ದೆ.

"ಒಂದು ಹಾಕು, ಸೈನ್ ತಗೋ, ಒಂದರಿಂದ ಭಾಗಿಸು. ಎಷ್ಟ ಬಂತು?"

"0.01745 ರಿ ಮೇಡಂ."

"ಸರಿಯಾಗಿ ಒತ್ತವಾ."

"ಸರಿಯಾಗೇ ಒತ್ತೇನ್ರಿ. ಬೇಕಾದ್ರ ನೀವ ನೋಡ್ರಿ."

"0.1 ಹಾಕು."

"ಮತ್ತ 0.01745 ರಿ."

"0.01?"

"ಅದ ಬರಾಕತ್ತೈತ್ರಿ ಮೇಡಂ. ಹಠ ಹಿಡದೈತ್ರಿ ಇದು."

"ಅಕಿ ಬೆರಳಿಗೆ ಅಂಟ ಹತ್ತೈತ್ರಿ ಮೇಡಂ!" ಅಂತ ಹಿಂದಿನಿಂದ ಒಬ್ಬ ಕೂಗಿದ. ತರಗತಿ ನಕ್ಕಿತು. ಸಾಹೇಬರು ನಗಲಿಲ್ಲ, ಏನೋ ಬರೆದುಕೊಂಡರು.

ಕ್ಯಾಲ್ಕುಲೇಟರ್ ಇಸಿದುಕೊಂಡು ನೋಡಿದೆ. ಪರದೆಯ ಮೇಲೆ ಸಣ್ಣದೊಂದು D. ಡಿಗ್ರಿಯಲ್ಲಿತ್ತು. ಬದಲಾಯಿಸಲು ಹೋದರೆ ಆ ಗುಂಡಿಯ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಬಿಗಿಯಾಗಿ ಅಂಟಿಸಿದೆ. ಭೌತಶಾಸ್ತ್ರದ ಸರ್ ಕೆಲಸ ಅದು. ಹಿಂದೊಂದು ವರ್ಷ ಯಾರೋ ಕ್ಯಾಲ್ಕುಲೇಟರನ್ನು ರೇಡಿಯನ್ನಿಗೆ ಹಾಕಿ ಹಾಗೇ ಬಿಟ್ಟು, ಪ್ರಿಸಂ ಪ್ರಯೋಗದಲ್ಲಿ ಇಡೀ ತಂಡಕ್ಕೆ ಗಾಜಿನ ವಕ್ರೀಭವನಾಂಕ ಒಂದಕ್ಕಿಂತ ಕಡಿಮೆ ಬಂದಿತ್ತಂತೆ. ಅವತ್ತಿನಿಂದ ಲ್ಯಾಬಿನ ಎಲ್ಲ ಕ್ಯಾಲ್ಕುಲೇಟರ್‌ಗಳ ಆ ಗುಂಡಿಗೂ ಪ್ಲಾಸ್ಟರ್. ಅವರ ಕೋನಗಳೆಲ್ಲ ಡಿಗ್ರಿಯವು, ಅವರದು ತಪ್ಪಲ್ಲ. ತರುವ ಮುಂಚೆ ನೋಡಿಕೊಳ್ಳದೆ ಇದ್ದದ್ದು ನನ್ನ ತಪ್ಪು.

"ಇದು ಡಿಗ್ರಿಯೊಳಗ ಐತಿ. ರೇಡಿಯನ್ನಿನೊಳಗ ಒಂದ ಬರತೈತಿ. ಒಂದು ಅಂತ ಬರಕೊಳ್ರಿ," ಅಂದೆ.

ಪೆನ್ನುಗಳು ಓಡಿದವು. ಹುಡುಗಿ ನಿಂತೇ ಇದ್ದಳು.

"ಮೇಡಂ, ಡಿಗ್ರಿ ಆದ್ರೇನ್ರಿ? ಮೂವತ್ತ ಡಿಗ್ರಿ ಅಂದ್ರೂ ಪೈ ಬೈ ಆರ ಅಂದ್ರೂ ಕೋನ ಅದ ಅಲ್ರಿ? ಸೈನ್ ಎರಡಕ್ಕೂ ಅರ್ಧನ ಬರತೈತಿ. ಹಂಗಿದ್ರ ಇಲ್ಲಿ ಯಾಕ ಬ್ಯಾರೆ?"

ಪ್ರಶ್ನೆ ನ್ಯಾಯವಾಗಿತ್ತು. 'ಪುಸ್ತಕದಾಗ ಹಂಗ ಐತಿ, ಕುಂದರ ನೀ' ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನನಗೆ ಹಾಗೆಯೇ ಹೇಳಿ ಕೂರಿಸಿದ್ದರು, ನಾನು ಕೂತಿದ್ದೆ. ಸಾಹೇಬರ ಪೆನ್ನು ನಿಂತಿತ್ತು.

"ಪುಸ್ತಕ ಮುಚ್ರಿ. ನೋಡೋಣು," ಅಂದೆ. ಏನು ನೋಡುವುದೋ ನನಗೇ ಗೊತ್ತಿರಲಿಲ್ಲ.

ಬೋರ್ಡಿನ ಮೇಲೆ ವೃತ್ತ ಎಳೆದೆ. ದೊಡ್ಡ ಕೈವಾರ ನಮ್ಮಲ್ಲಿರಲಿಲ್ಲ. ದಾರಕ್ಕೆ ಸೀಮೆಸುಣ್ಣ ಕಟ್ಟಿ, ನಡುವೆ ಬೆರಳಿಟ್ಟು ಎಳೆಯುತ್ತಿದ್ದೆ. ಎಳೆದು ಮುಗಿಸಿದಾಗ ದಾರ ಕೈಯಲ್ಲೇ ಇತ್ತು. ಅದು ತ್ರಿಜ್ಯದ ಉದ್ದದ್ದು. ಹುಡುಗಿಯನ್ನು ಕರೆದು, "ಇದನ್ನ ವೃತ್ತದ ಅಂಚಿನ ಮ್ಯಾಲೆ ಬಾಗಿಸಿ ಇಡು" ಅಂದೆ. ಇಟ್ಟಳು. ದಾರದ ಎರಡೂ ತುದಿಗಳಿಂದ ನಡುವಿಗೆ ಗೆರೆ ಎಳೆದೆ. "ಈ ಕೋನ ಒಂದು ರೇಡಿಯನ್. ಡಿಗ್ರಿಯೊಳಗ ಐವತ್ತೇಳರ ಮ್ಯಾಲೆ ಚೂರು. ತ್ರಿಜ್ಯ ಒಂದು ಅಂತ ಹಿಡಿದ್ರ, ರೇಡಿಯನ್ನಿನ ಅಂಕಿ ಅಂದ್ರ ಅಂಚಿನ ಉದ್ದನ. ಡಿಗ್ರಿ ಹಂಗಲ್ಲ. ಅದು ಇಡೀ ಸುತ್ತನ್ನ ಮುನ್ನೂರಾ ಅರವತ್ತು ತುಂಡು ಮಾಡಿ ಎಣಿಸಿದ್ದು."

ಈಗ ಸಣ್ಣದೊಂದು ಕೋನ ಬರೆದೆ. ಅದರ ಮೇಲಿನ ತುದಿಯಿಂದ ಕೆಳಗಿನ ತ್ರಿಜ್ಯಕ್ಕೆ ಲಂಬ ಇಳಿಸಿದೆ. ಆ ಲಂಬವೇ ಸೈನ್. ಪಕ್ಕದಲ್ಲಿ ಬಾಗಿದ್ದು ಅಂಚು. ಕೋನ ಕಿರಿದಾದಷ್ಟೂ ಇವೆರಡೂ ಒಂದರ ಮೈಗೊಂದು ಅಂಟುತ್ತಾ ಹೋಗುತ್ತವೆ. ಲಂಬವನ್ನು ಅಂಚಿನ ಉದ್ದದಿಂದ ಭಾಗಿಸಿದರೆ ಒಂದಕ್ಕೆ ಹೋಗಲೇಬೇಕು.

ಹುಡುಗಿ ತಡೆದು ತಡೆದು ಹೇಳಿದಳು: "ಅಂದ್ರ ಮ್ಯಾಲಿನ ಸೈನ್ ಬದಲಾಗಿಲ್ರಿ. ಕೆಳಗ ಭಾಗಸೋ ಅಂಕಿ ಬದಲಾಗೈತಿ. ಮೂವತ್ತರಲೆ ಭಾಗಿಸಿದ್ರ ಬ್ಯಾರೆ, ಪೈ ಬೈ ಆರರಲೆ ಭಾಗಿಸಿದ್ರ ಬ್ಯಾರೆ."

"ಹೌದವಾ. ಅಷ್ಟ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನನಗೇ ಒಂದು ಅನುಮಾನ ಹೊಕ್ಕಿತು: ಹಾಗಾದರೆ ಪುಸ್ತಕದ ಸಾಧನೆಯಲ್ಲಿ ರೇಡಿಯನ್ ಎಲ್ಲಿ ಕುಳಿತಿದೆ? ಆ ಸಾಧನೆಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅದನ್ನೇ ಬೋರ್ಡಿನ ಮೇಲೆ ಬರೆಯತೊಡಗಿದೆ. ಒಳಗಿನ ತ್ರಿಕೋನ, ನಡುವಿನ ತ್ರಿಜ್ಯಾಂತರ ಖಂಡ, ಹೊರಗಿನ ತ್ರಿಕೋನ, ಮೂರರ ಕ್ಷೇತ್ರಫಲ ಒಂದಕ್ಕಿಂತ ಒಂದು ದೊಡ್ಡದು. ತ್ರಿಜ್ಯ ಒಂದಾದರೆ ಮೊದಲನೆಯದು ಅರ್ಧ ಸೈನ್ x, ಮೂರನೆಯದು ಅರ್ಧ ಟ್ಯಾನ್ x. ನಡುವಿನದು? x ಭಾಗಿಸು 2π, ಗುಣಿಸು π. ಬರೆಯುತ್ತಿದ್ದ ಕೈ ಅಲ್ಲಿ ನಿಂತಿತು. ಆ 2π! ಇಡೀ ಸುತ್ತು 2π ಅಂತ ನಾವು ಒಪ್ಪಿಕೊಂಡದ್ದೇ ಅಲ್ಲಿ. ರೇಡಿಯನ್ ಕುಳಿತಿದ್ದು ಆ ಒಂದು ಗೆರೆಯಲ್ಲಿ. ಎಷ್ಟು ಸಲ ಬರೆದಿದ್ದೆ, ಒಮ್ಮೆಯೂ ನೋಡಿರಲಿಲ್ಲ.

2π ಒರೆಸಿ 360 ಬರೆದೆ. "ಈಗ x ಡಿಗ್ರಿಯೊಳಗ ಐತಿ. ನಡಬರಕಿನ ಖಂಡದ ಕ್ಷೇತ್ರಫಲ ಏನಾತು?"

"x ಭಾಗಿಸು 360, ಗುಣಿಸು π ರಿ," ಅಂದಳು.

ಮೂರನ್ನೂ ಎರಡರಿಂದ ಗುಣಿಸಿದೆವು. ಸೈನ್ x ಗಿಂತ ದೊಡ್ಡದು, ಟ್ಯಾನ್ x ಗಿಂತ ಸಣ್ಣದು, ನಡುವೆ 180 ರಿಂದ ಭಾಗಿಸಿದ π, ಗುಣಿಸು x. ಮುಂದಿನ ಹೆಜ್ಜೆಗಳೆಲ್ಲ ಪುಸ್ತಕದಂತೆಯೇ ಇದ್ದವು. ಕೊನೆಗೆ ಉಳಿದದ್ದು ಒಂದಲ್ಲ, 180 ರಿಂದ ಭಾಗಿಸಿದ π.

"ಅದರ ಬೆಲಿ ಹಾಕಿ ನೋಡ್ರಿ."

ಕ್ಯಾಲ್ಕುಲೇಟರ್ ಮತ್ತೆ ಅವಳ ಕೈಗೆ ಕೊಟ್ಟೆ. ಒತ್ತಿದಳು. ಮುಖ ಎತ್ತಿದಳು. "0.01745 ರಿ ಮೇಡಂ! ಅದ ಬಂತ್ರಿ!"

ಈ ಸಲ ಯಾರೂ ನಗಲಿಲ್ಲ. "ಹಂಗಾರ ಕ್ಯಾಲ್ಕುಲೇಟರ್ ಸುಳ್ಳ ಹೇಳಿಲ್ಲ ಬಿಡ್ರಿ," ಅಂದ, ಅಂಟಿನ ಮಾತಾಡಿದವನೇ. ಗಂಟೆ ಹೊಡೆಯಿತು. ನಾನು ಆ ದಿನ ಮಾಡಿಸಬೇಕಾಗಿದ್ದ ಐದು ಲೆಕ್ಕಗಳಲ್ಲಿ ಒಂದೂ ಆಗಿರಲಿಲ್ಲ.

ಮಕ್ಕಳು ಹೋದಮೇಲೆ ಸಾಹೇಬರು ಮುಂದೆ ಬಂದರು.

"ಆ ಪ್ಲಾಸ್ಟರ್ ಕಿತ್ತು ರೇಡಿಯನ್ನಿಗೆ ಹಾಕಿದ್ರ ಮುಗೀತಿತ್ತಲ್ರಿ ಮೇಡಂ. ಒಂದ ನಿಮಿಷದ ಕೆಲಸ."

"ಒಂದು ಬರ್ತಿತ್ತರಿ ಸರ್. ಅಕಿ ಕೇಳಿದ್ದು ಯಾಕ ಅಂತ."

"ನಿಮಗ ಮೊದಲ ಗೊತ್ತಿತ್ತೇನು ಇದು?"

ಹೌದು ಅನ್ನಬಹುದಿತ್ತು. ಬೋರ್ಡಿನ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತಲ್ಲ. ಅಷ್ಟು ವರ್ಷ ಓದಿ, ಅಷ್ಟು ದೂರ ಬಂದವಳು, ಕೆಲಸ ಅವರ ಪೆನ್ನಿನ ತುದಿಯಲ್ಲಿ ಇರುವಾಗ ಗೊತ್ತಿಲ್ಲ ಅನ್ನುವುದು ಹೇಗೆ?

"ಇಲ್ರಿ ಸರ್. ಈಗ, ಇಲ್ಲೇ ಗೊತ್ತಾತು."

ಅವರು ನನ್ನನ್ನು ನೋಡಿದರು, ಬೋರ್ಡನ್ನು ನೋಡಿದರು, ನಿಂತೇ ಬರೆದರು. ಓದಿ ಸಹಿ ಮಾಡಲು ರಿಜಿಸ್ಟರ್ ನನ್ನ ಕಡೆ ತಿರುಗಿಸಿದರು: 'ಪಾಠ ಯೋಜನೆಯಂತೆ ಪೂರ್ಣಗೊಂಡಿಲ್ಲ. ವಿದ್ಯಾರ್ಥಿಗಳು ಪ್ರಶ್ನೆ ಕೇಳುತ್ತಾರೆ.' ಮುಂದಿನ ವರ್ಷದ ಮಾತೇ ಅದರಲ್ಲಿ ಇರಲಿಲ್ಲ. ಛಲೋ ಷರಾ ಅನ್ನಬೇಕೋ ಕೆಟ್ಟದ್ದು ಅನ್ನಬೇಕೋ ತಿಳಿಯದೆ ಸಹಿ ಹಾಕಿದೆ.

ಸಂಜೆ ಮನೋಳಿಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕುಳಿತು ಕೈಗೆ ಹತ್ತಿದ ಸಿಮೆಂಟು ತೊಳೆಯುತ್ತಿದ್ದ.

"ಏನ ಬರದಾರ ನಿಮ್ಮ ಸಾಹೇಬ್ರು?"

ಹೇಳಿದೆ.

"ಪೂರ್ಣ ಆಗಿಲ್ಲ ಅಂದ್ರ?"

"ಕೆಲಸ ಇನ್ನಾ ಉಳದೈತಿ ಅಂತಪಾ."

"ಅರ್ಧ ಗ್ವಾಡಿ ಎಬ್ಬಿಸಿದ ಗೌಂಡಿನ ಬಿಟ್ಟು ಇನ್ನೊಬ್ಬನ್ನ ಯಾರರ ಕರೀತಾರೇನು? ಹುಚ್ಚಿ," ಅಂದ ಅಪ್ಪ. "ನಾಳೆ ಹೋಗಿ ಉಳದದ್ದು ಮುಗಸ."

ಮರುದಿನ ಐದೂ ಲೆಕ್ಕ ಮಾಡಿಸಿದೆ. ಕರೆಯುತ್ತಾರೆಂಬ ಅಪ್ಪನ ಧೈರ್ಯ ನನಗೆ ಬೇಸಿಗೆಯಿಡೀ ಬರಲಿಲ್ಲ. ಜೂನ್‌ನಲ್ಲಿ ಪ್ರಾಚಾರ್ಯರ ಫೋನು ಬಂತು: "ಬರ್ರಿ ಮೇಡಂ. ಆ ಹುಡುಗಿ ಈಗ ಎರಡನೇ ವರ್ಷಕ್ಕ ಬಂದಾಳ, ನೀವು ಯಾವಾಗ ಬರ್ತೀರಿ ಅಂತ ಎರಡ ಸಲ ಕೇಳಿ ಹೋದ್ಲು."