ಮೊದಲ ಹೆಸರಿನ ಫಾಂಟ್

ಸುದ್ದಿತಾಣದ ಪುಟ ಕಟ್ಟುವ ಅಕ್ಕನಿಗೆ ಸಹೋದ್ಯೋಗಿಯ ಮಾತು ಕೇಳಿ ಮೈಯೆಲ್ಲ ಉರಿಯಿತು.

"ಅಕ್ಕಾ, ತಲೆಬರಹದಲ್ಲಿ ಒತ್ತಕ್ಷರಗಳ ಬುಡಾನೇ ಕತ್ತರಿಸಿ ಹೋಗಿದೆ. ಓದುಗರು ಬೈತಿದ್ದಾರೆ."

"ಹೋಗಿ ಕಣ್ಣು ತೋರಿಸ್ಕೋ. ನನ್ನ ಪರದೆ ನೋಡು, ಎಷ್ಟು ಚೆನ್ನಾಗಿದೆ!"

ಅವನು ತನ್ನ ಫೋನನ್ನು ಪರದೆಯ ಪಕ್ಕಕ್ಕೆ ಹಿಡಿದ. ಪುಟ ಅದೇ, ಅಕ್ಷರ ಬೇರೆ.

ಅವಳ ಪರದೆಯಲ್ಲಿದ್ದುದು ಅಣ್ಣನ ಅಕ್ಷರ. ತೀರಿಕೊಳ್ಳುವ ಮುಂಚೆ ತಾನು ಬಿಡಿಸಿದ ಫಾಂಟನ್ನು ಅವನೇ ಅವಳ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದ. ತಾಣ ಬಳಸಬೇಕಾದ ಫಾಂಟ್‌ಗಳ ಪಟ್ಟಿಯಲ್ಲಿ ಅವಳು ಅದರ ಹೆಸರನ್ನೇ ಮೊದಲು ಬರೆದಿದ್ದಳು. ಫೈಲನ್ನು ತಾಣಕ್ಕೆ ಏರಿಸುವುದನ್ನು ಮಾತ್ರ ಆ ದುಃಖದಲ್ಲಿ ಮರೆತಿದ್ದಳು. ಹಾಗಾಗಿ ಓದುಗರ ಫೋನುಗಳು ಅದು ಸಿಗದೆ ತಮ್ಮಲ್ಲಿದ್ದ ಫಾಂಟನ್ನೇ ಎತ್ತಿಕೊಂಡಿದ್ದವು. ಅಣ್ಣನ ಗಿಡ್ಡ ಒತ್ತುಗಳಿಗೆಂದು ಇಟ್ಟ ಸಾಲಿನ ಎತ್ತರ ಆ ಫಾಂಟಿನ ಉದ್ದ ಒತ್ತುಗಳಿಗೆ ಸಾಲದೆ, ಚೌಕಟ್ಟಿನಿಂದ ಕೆಳಗಿಳಿದದ್ದೆಲ್ಲ ಮರೆಯಾಗಿತ್ತು.

ಊರೆಲ್ಲ ಅಣ್ಣನ ಅಕ್ಷರ ಓದುತ್ತಿದೆ ಎಂದೇ ಅವಳು ನಂಬಿದ್ದಳು. ಅವನು ಇಷ್ಟು ದಿನವೂ ಕಾಣಿಸಿಕೊಂಡದ್ದು ಅವಳೊಬ್ಬಳಿಗೆ.

ಅವಳು ಸಾಲಿನ ಎತ್ತರವನ್ನು ಅಕ್ಷರದ ಅಳತೆಯ ಒಂದೂಮುಕ್ಕಾಲು ಪಟ್ಟು ಮಾಡಿದಳು. ಫೋನಿನಲ್ಲಿ ಒತ್ತುಗಳೆಲ್ಲ ಪೂರ್ತಿಯಾಗಿ ಮೂಡಿದವು. ಅಣ್ಣನ ಫೈಲು ಏರಿಸದೆ ಉಳಿದದ್ದನ್ನೂ ಅವನಿಗೆ ಹೇಳಿದಳು.

"ಆ ಫೈಲನ್ನೂ ಏರಿಸ್ಬಿಡಿ ಅಕ್ಕಾ, ಎಲ್ರಿಗೂ ಕಾಣ್ಲಿ."

ಅವಳು ಪಟ್ಟಿಯ ಮೊದಲ ಹೆಸರನ್ನು ಅಳಿಸಲಿಲ್ಲ, ಫೈಲನ್ನೂ ಏರಿಸಲಿಲ್ಲ.

"ಬೇಡ," ಎಂದಳು. "ಅವನು ನನ್ನ ಹತ್ರ ಮಾತ್ರ ಬರ್ಲಿ."