ನೂರರೊಳಗಿನ ಏಳು ರೂಪಾಯಿ

ಸದಾಶಿವ ಪೇಠದ ಆ ಸೀರೆ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ನನ್ನ ಬಾಯಿ ಜೋರು, ಲೆಕ್ಕ ಅದಕ್ಕಿಂತ ಜೋರು ಅಂತ ನನಗೆ ಸೊಕ್ಕಿತ್ತು. ಮಾಲಕರು ನನಗಿಂತ ಚಿಕ್ಕವರು, ಅಪ್ಪ ತೀರಿಕೊಂಡ ಮೇಲೆ ಗಲ್ಲೆಗೆ ಕೂತವರು. ಕೌಂಟರಿನಲ್ಲಿ ಬಾಗಲಕೋಟೆ ಕಡೆಯ ಕಾಕಾ ಒಬ್ಬರು. ಇಳಕಲ್ ಸೀರೆಯ ಸೆರಗು ಬಿಚ್ಚಿ ತೋರಿಸುತ್ತ ಮುದುಕರಾದವರು. ತಮ್ಮ ಊರ ಕಡೆಯವರು ಯಾರಾದರೂ ಬಂದರೆ ಕಾಕಾ ಚಹಾ ತರಿಸುತ್ತಿದ್ದರು, ತಾಸುಗಟ್ಟಲೆ ಮಾತಾಡುತ್ತಿದ್ದರು. ಅದೇ ಅವರಿಗೆ ಮುಳುವಾಯಿತು.

ದೊಡ್ಡ ಮಾಲಕರ ಕಾಲದಲ್ಲಿ ಬೆಲೆ ಹಾಕುವ ಪದ್ಧತಿ ಒಂದೇ: ಖರೀದಿಯ ಮೇಲೆ ನೂರಕ್ಕೆ ಇಷ್ಟು ಅಂತ ಸೇರಿಸುವುದು. ಚಿಕ್ಕ ಮಾಲಕರು ಬಂದು, "ಅಕ್ಕಾರ, ಇನ್ನ ಮ್ಯಾಲೆ ಮೂವತ್ತು ಪರ್ಸೆಂಟ್ ಮಾರ್ಜಿನ್ ಬೇಕ್ರಿ. ಹೊಸಾ ಶೀಟ್ ಮಾಡ್ರಿ" ಅಂದರು. ಆಯ್ತು ಅಂದೆ. ಕಂಪ್ಯೂಟರಿನಲ್ಲಿ ಖರೀದಿ ದರದ ಮೇಲೆ ನೂರಕ್ಕೆ ಮೂವತ್ತರಂತೆ ಸೇರಿಸಿ, ಇಡೀ ಪಟ್ಟಿಯನ್ನು ನಾನೇ ತಪಾಸಿಸಿ, ಕೆಳಗೆ ಸಹಿ ಹಾಕಿದೆ. ಕಾಕಾ ಆ ಪಟ್ಟಿ ನೋಡಿಯೇ ಸೀರೆಗಳಿಗೆ ಬೆಲೆಯ ಚೀಟಿ ಅಂಟಿಸಿದರು.

ಆರು ತಿಂಗಳಾದ ಮೇಲೆ ಮಾಲಕರು ತಾವೇ ಲಾಭ ತೆಗೆದು ನೋಡಿದರು. ನೂರು ರೂಪಾಯಿ ಮಾರಾಟಕ್ಕೆ ಇಪ್ಪತ್ಮೂರೇ ಉಳಿದಿತ್ತು.

"ನೂರಕ್ಕ ಏಳು ರೂಪಾಯಿ ಎಲ್ಲಿ ಹೋತ್ರಿ? ಊರ ಮಂದಿಗೆ ಕಡಿಮಿ ಮಾಡಿ ಕೊಟ್ಟಿರಬೇಕು, ಇಲ್ಲಾ ಬಿಲ್ ಇಲ್ಲದ ಕೊಟ್ಟಿರಬೇಕು ಮುದುಕ!" ಅಂತ ಕೂಗಾಡಿದರು. ಕಾಕಾ "ಒಂದ ಪೈಸೆ ಮುಟ್ಟಿಲ್ರಿ" ಅಂದರು, ಅಷ್ಟೇ. ಅವರನ್ನು ಕೌಂಟರಿನಿಂದ ಎಬ್ಬಿಸಿ ಮೇಲಿನ ಗೋದಾಮಿಗೆ ಕಳಿಸಿದರು. ಶನಿವಾರ ಹಿಸಾಬು ಮಾಡಿ ಮನೆಗೆ ಕಳಿಸುವುದು ಅಂತ ಆಯಿತು. ನನಗೆ ಬಿಲ್ಲುಗಳನ್ನು ತಾಳೆ ನೋಡುವ ಕೆಲಸ.

ಸೋಮವಾರ ನೋಡಿದೆ. ಒಂದೊಂದು ಬಿಲ್ಲೂ ಚೀಟಿಯ ಬೆಲೆಗೆ ಸರಿಯಾಗಿ ಕೂತಿತ್ತು. ದಾಸ್ತಾನಿನಲ್ಲಿ ಒಂದು ರವಿಕೆ ಖಣವೂ ಕಡಿಮೆಯಿರಲಿಲ್ಲ. ಹಾಗಾದರೆ ಕಳ್ಳ ಯಾರಪ್ಪಾ ಅಂತ ಒಂದು ಸೀರೆ ಹಿಡಿದು ಕೂತೆ. ತೆರಿಗೆ ಬಿಟ್ಟು ಖರೀದಿ ಏಳುನೂರು. ಅದಕ್ಕೆ ಮೂವತ್ತರಂತೆ ಇನ್ನೂರ ಹತ್ತು ಸೇರಿಸಿ ಒಂಬೈನೂರ ಹತ್ತಕ್ಕೆ ಮಾರಿದ್ದೇವೆ. ಇನ್ನೂರ ಹತ್ತು ಅಂದರೆ ಏಳುನೂರರ ಮೂವತ್ತು ಪರ್ಸೆಂಟ್, ಖರೆ. ಆದರೆ ಮಾಲಕರು ಕೇಳಿದ್ದು ಮಾರ್ಜಿನ್. ಅದನ್ನು ಅಳೆಯುವುದು ಮಾರಿದ ಬೆಲೆಯ ಮೇಲೆ. ಒಂಬೈನೂರ ಹತ್ತರಲ್ಲಿ ಇನ್ನೂರ ಹತ್ತು ಇಪ್ಪತ್ಮೂರು ಪರ್ಸೆಂಟೇ ಆಗುತ್ತದೆ. ಮೂವತ್ತು ಉಳಿಯಬೇಕಾದರೆ ಖರೀದಿ ದರ ಮಾರಾಟದ ಎಪ್ಪತ್ತು ಪರ್ಸೆಂಟ್ ಆಗಿರಬೇಕು. ಏಳುನೂರನ್ನು ಸೊನ್ನೆ ಪಾಯಿಂಟ್ ಏಳರಿಂದ ಭಾಗಿಸಬೇಕಿತ್ತು, ಸಾವಿರಕ್ಕೆ ಮಾರಬೇಕಿತ್ತು.

ಅಯ್ಯೋ ದೇವರೇ! ಏಳು ರೂಪಾಯಿ ಯಾರೂ ತಿಂದಿರಲಿಲ್ಲ. ಅದು ಗಲ್ಲೆಗೆ ಬಂದೇ ಇರಲಿಲ್ಲ. ತಪ್ಪು ನನ್ನ ಶೀಟಿನದು, ಸಹಿ ನನ್ನದು.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಕಾಕಾನ ಬದಲು ನಾನು ಮನೆಗೆ ಹೋಗಬೇಕಾಗುತ್ತದೆ ಅಂತ ಹೆದರಿದೆ. ಮಂಗಳವಾರ ಕಳೆಯಿತು, ಬುಧವಾರವೂ ಕಳೆಯಿತು. ಮೇಲೆ ಕಾಕಾ ಸೀರೆಗಳನ್ನು ಮಡಚಿದ್ದನ್ನೇ ಮಡಚುತ್ತಿದ್ದರು. ನಾನು ಹಳೆಯ ಫೈಲು ಬೇಕಾದರೂ ಮೆಟ್ಟಿಲು ಹತ್ತಲಿಲ್ಲ. ಅಷ್ಟು ಜೋರಿದ್ದ ಬಾಯಿಗೆ ಏನು ಬಡಿದಿತ್ತೋ! ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಗುರುವಾರ ಮುಂಜಾನೆ ಮಾಲಕರು, "ಕಾಕಾಂದು ಫೈನಲ್ ಹಿಸಾಬ್ ಮಾಡಿಬಿಡ್ರಿ" ಅಂದರು. ಪೆನ್ನು ಹಿಡಿದೆ, ಮತ್ತೆ ಕೆಳಗಿಟ್ಟೆ. ಎದ್ದು ಅವರ ಮುಂದೆ ಶೀಟ್ ಇಟ್ಟೆ.

"ತಪ್ಪು ನಂದ್ರಿ. ನೀವು ಮಾರೋ ರೇಟಿನ ಮ್ಯಾಲೆ ಕೇಳಿದ್ರಿ, ನಾ ಖರೀದಿ ಮ್ಯಾಲೆ ಹಾಕೀನ್ರಿ."

ಅವರು ಮೊಬೈಲಿನಲ್ಲಿ ಎರಡು ಸಲ ಭಾಗಿಸಿ ನೋಡಿದರು. ಮುಖ ಕೆಂಪಾಯಿತು. ಬೈಯುತ್ತಾರೆ ಅಂತ ಕಾದೆ.

"ನಮ್ಮಪ್ಪಾರೂ ಹಿಂಗ ಹಾಕ್ತಿದ್ರಲ್ರಿ," ಅಂದರು ಕಡೆಗೆ. "ನಾನರೆ ಬಿಡಿಸಿ ಹೇಳಬೇಕಿತ್ತು." ತಾವೇ ಮೆಟ್ಟಿಲು ಹತ್ತಿ ಮೇಲೆ ಹೋದರು.

ಅರ್ಧ ತಾಸಿನ ಮೇಲೆ ಕಾಕಾ ಇಳಿದು ಬಂದರು. ಕಣ್ಣು ಒದ್ದೆಯಾಗಿತ್ತು. ಕೌಂಟರಿಗೆ ಹೋಗದೆ ಸೀದಾ ನನ್ನ ಮೇಜಿಗೆ ಬಂದರು.

"ನೀನ ಹುಡುಕಿದಿ ಅಂತಲ್ಲವಾ ತಂಗಿ. ಯಾವಾಗ ಗೊತ್ತಾತು?"

"ಈಗ... ಇವತ್ತ ಮುಂಜಾನೆ ರೀ, ಕಾಕಾ."

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. "ಸೋಮವಾರದಿಂದ ಮನ್ಯಾಗ ಮಗನೂ ನನ್ನ ಜೋಡಿ ಮಾತಾಡಿಲ್ಲ, ನೋಡು. ಖರೇನ ತಗೊಂಡೀಯೇನು ಅಪ್ಪಾ, ಅಂತ ಕೇಳಿದ. ನೀ ಒಬ್ಬಾಕಿ ನಂಬಿದಿ."

ನಾನು ಹೂಂ ಅಂದೆ.