ನಾಲಿಗಿ ಎತ್ತಿ ತೋರಸ್ರಿ

ಬೆಳಗಿನ ಏಳು ಗಂಟೆಗೆ, ದೇವರಿಗೆ ದೀಪ ಹಚ್ಚುವ ಮೊದಲೇ, ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಕೆಲಸವೆಂದರೆ ನನ್ನ ಗಂಡ ಬಾಯಿ ತೆರೆಯುವುದು. ನಾನು ಒಂದು ಬಿಳಿ ಗುಳಿಗೆಯನ್ನು ಚಮಚದ ಬೆನ್ನಿನಿಂದ ಪುಡಿ ಮಾಡಿ, ಅರ್ಧ ಲೋಟ ನೀರಿನಲ್ಲಿ ಕದಡಿ ಕೊಡುತ್ತಿದ್ದೆ. ತಳದಲ್ಲಿ ಪುಡಿ ಉಳಿದರೆ ಇನ್ನಿಷ್ಟು ನೀರು ಹಾಕಿ ಅದನ್ನೂ ಕುಡಿಸುತ್ತಿದ್ದೆ. ಆಮೇಲೆ "ನಾಲಿಗಿ ಎತ್ತಿ ತೋರಸ್ರಿ" ಅನ್ನುತ್ತಿದ್ದೆ. ಸಿಕಂದರಾಬಾದಿನ ಹತ್ತಿರದ ನಾಚಾರಂನ ಒಂದು ಕಾರ್ಖಾನೆಯಲ್ಲಿ ಹತ್ತಾರು ಜನರ ಮೇಲೆ ಸೂಪರ್‌ವೈಸರ್ ಆಗಿದ್ದ ಮನುಷ್ಯ ಸುಮ್ಮನೆ ನಾಲಿಗೆ ಎತ್ತಿ ತೋರಿಸುತ್ತಿದ್ದರು. ನೀರಿನಲ್ಲಿ ಕದಡಿದ ಗುಳಿಗೆ ನಾಲಿಗೆಯ ಕೆಳಗೆ ಎಲ್ಲಿ ಅಡಗೀತು ಅಂತ ಯಾರಾದರೂ ಕೇಳಬಹುದು. ಅನುಮಾನದ ಹೆಂಗಸಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ?

ಅನುಮಾನ ನನಗೆ ಪುಕ್ಕಟೆ ಬಂದದ್ದಲ್ಲ. ಆರು ವರ್ಷ ಅವರು ಕುಡಿದರು, ಆರು ವರ್ಷವೂ ಕುಡಿದಿಲ್ಲ ಅಂದರು. ಅಕ್ಕಿಯ ಡಬ್ಬಿಯಲ್ಲಿ ಬಾಟಲಿ ಸಿಕ್ಕಿದೆ, ಸ್ಕೂಟರಿನ ಸೀಟಿನ ಕೆಳಗೆ ಸಿಕ್ಕಿದೆ, ಮಗಳ ಹಳೆಯ ಶಾಲಾ ದಫ್ತರದೊಳಗೆ ಸಿಕ್ಕಿದೆ. ಸಿಕ್ಕಾಗಲೆಲ್ಲ ಈ ಮನುಷ್ಯನ ಮುಖ ಬಾಟಲಿಯನ್ನು ಈಗಲೇ ಮೊದಲ ಸಲ ಕಂಡವರ ಹಾಗೆ ಇರುತ್ತಿತ್ತು. ಕೊನೆಗೆ ನಾನು ಖಡಕ್ಕಾಗಿ ಹೇಳಿಬಿಟ್ಟೆ: ಇನ್ನೊಂದು ಸಲ ಕುಡಿದರೆ ಮಗಳನ್ನು ಕರಕೊಂಡು ಗುಲ್ಬರ್ಗದ ಅಣ್ಣನ ಮನೆಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ. ಅವರು ಸಿಕಂದರಾಬಾದಿನ ಒಂದು ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು, ನಡುಕ ನಿಲ್ಲಿಸಿಕೊಂಡು, ಕುಡಿತ ಬಿಟ್ಟರು.

ಬಿಡುವುದು ಒಂದು, ಬಿಟ್ಟು ಇರುವುದು ಇನ್ನೊಂದು ಅಂತ ಅಲ್ಲಿಯ ಮಾನಸಿಕ ರೋಗಗಳ ಡಾಕ್ಟರು ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ನಮ್ಮಿಬ್ಬರನ್ನೂ ಕೂಡಿಸಿ ಹೇಳಿದರು. ಬಿಟ್ಟು ಇರುವುದಕ್ಕೆ ಅವರ ಹತ್ತಿರ ಮೂರು ಬಗೆಯ ಗುಳಿಗೆಗಳಿದ್ದವು. ಒಂದು ನಾಲ್ಟ್ರೆಕ್ಸೋನ್. ಕುಡಿದಾಗ ತಲೆಯಲ್ಲಿ ಏಳುವ ಖುಷಿ ಹೋಗಿ ಮುಟ್ಟಬೇಕಾದ ಜಾಗವನ್ನು ಅದು ಮೊದಲೇ ಹಿಡಿದು ಕೂಡುತ್ತದೆ. ಕುಡಿದರೂ ಆ ಮಜಾ ಬರುವುದಿಲ್ಲ, ದಿನ ಹೋದಂತೆ ಬೇಕೆನಿಸುವುದೂ ತಗ್ಗುತ್ತದೆ. ಇನ್ನೊಂದು ಅಕಾಂಪ್ರೋಸೇಟ್. ವರ್ಷಗಟ್ಟಲೆ ಕುಡಿದು ಬಿಟ್ಟವರ ಮಿದುಳು ಒಳಗೊಳಗೇ ಚಡಪಡಿಸುತ್ತಿರುತ್ತದೆ, ಆ ಚಡಪಡಿಕೆಯೇ ಅವರನ್ನು ಮತ್ತೆ ಅಂಗಡಿಗೆ ಎಳೆಯುತ್ತದೆ. ಅದನ್ನು ಈ ಗುಳಿಗೆ ಶಾಂತ ಮಾಡುತ್ತದೆ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎರಡರಂತೆ ನುಂಗಬೇಕು.

ಮೂರನೆಯದು ಡೈಸಲ್ಫಿರಾಮ್. ಅದು ಆಸೆ ಕಡಿಮೆ ಮಾಡುವುದಿಲ್ಲ, ಹೆದರಿಸುತ್ತದೆ. ಹೊಟ್ಟೆಗೆ ಹೋದ ಮದ್ಯವನ್ನು ಲಿವರ್ ಮೊದಲು ಒಂದು ವಿಷವಾಗಿ ಮಾಡಿ, ಆಮೇಲೆ ಆ ವಿಷವನ್ನು ಒಡೆದು ಹಾಕುತ್ತದೆಯಂತೆ. ಗುಳಿಗೆ ತಗೊಂಡವರಲ್ಲಿ ಆ ಒಡೆಯುವ ಕೆಲಸ ನಿಂತುಹೋಗುತ್ತದೆ. ವಿಷ ರಕ್ತದಲ್ಲಿ ತುಂಬಿ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ವಾಂತಿ, ಎದೆ ಡವಡವ, ಬಿ.ಪಿ. ಇಳಿಯುತ್ತದೆ. ಹೆಚ್ಚಾದರೆ ಜೀವಕ್ಕೂ ಅಪಾಯ. ಗುಳಿಗೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಇದರ ಕಾಟ ಇರಬಹುದು.

ಇದನ್ನು ಕೇಳಿದ ಕೂಡಲೆ ನನ್ನ ತಲೆ ಓಡಿತು. ಇವರಿಗೆ ಹೇಳದೆ ಸಾರಿನಲ್ಲಿ ಬೆರೆಸಿದರೆ ಹೇಗೆ ಅಂತ, ಇವರು ಪರೀಕ್ಷೆಗೆ ರಕ್ತ ಕೊಡಲು ಎದ್ದುಹೋದಾಗ, ಕೇಳಿಯೂಬಿಟ್ಟೆ. ಡಾಕ್ಟರ ಮುಖ ಗಂಟಾಯಿತು. ತಿಳಿಯದೆ ತಿಂದವನು ತಿಳಿಯದೆ ಕುಡಿದು ಸತ್ತರೆ ನೀನೇ ಕೊಂದಹಾಗೆ ಆಗುತ್ತದೆ, ಒಪ್ಪಿ ತಗೊಳ್ಳುವವರಿಗೆ ಮಾತ್ರ ಈ ಔಷಧ ಅಂತ ಗದರಿಸಿದರು. ನನ್ನ ಗಂಡ ತಿರುಗಿ ಬಂದು, ತಾವೇ, ನನಗೆ ಆ ಹೆದರಿಸುವುದೇ ಇರಲಿ ಅಂದರು. ಡಾಕ್ಟರು ಹೃದಯ, ಲಿವರ್ ಎಲ್ಲ ಪರೀಕ್ಷೆ ಮಾಡಿ, ಎಲ್ಲ ಗೊತ್ತಿದ್ದು ತಗೊಳ್ಳುತ್ತೇನೆ ಅಂತ ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. ಯಾವಾಗಲೂ ಜೇಬಿನಲ್ಲಿಟ್ಟುಕೊಳ್ಳಲು ಒಂದು ಸಣ್ಣ ಚೀಟಿ ಕೊಟ್ಟರು. ಮದ್ಯ ಸೇರಿದ ಬೇರೆ ಯಾವ ಪದಾರ್ಥವೂ ಕೂಡದೆಂದು ನನ್ನ ಕೈಲೇ ಪಟ್ಟಿ ಬರೆಸಿದರು: ಕೆಮ್ಮಿನ ಔಷಧ, ಟಾನಿಕ್, ಶೇವಿಂಗ್ ಲೋಷನ್, ವಿನೆಗರ್ ಹಾಕಿದ ತಿಂಡಿ. ಪಟ್ಟಿಯನ್ನು ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿದೆ. ಟಾನಿಕ್ ಅಂದರೆ ಮೆಡಿಕಲ್ ಶಾಪಿನ ಬಣ್ಣದ ಬಾಟಲಿ ಅಂತಲೇ ನಾನು ತಿಳಿದಿದ್ದೆ.

ಎರಡು ತಿಂಗಳು ಕಳೆದವು. ಅವರು ಕುಡಿಯಲಿಲ್ಲ, ನಾನು ನಂಬಲಿಲ್ಲ. ಕಾರ್ಖಾನೆಯಿಂದ ಅರ್ಧ ಗಂಟೆ ತಡವಾದರೆ ಗೇಟಿನಲ್ಲೇ ಹತ್ತಿರ ನಿಂತು ಉಸಿರು ಮೂಸುತ್ತಿದ್ದೆ. ಗುಳಿಗೆಗಳನ್ನು ನನ್ನ ಸೀರೆಯ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆ, ಎಲ್ಲಿ ಬದಲಿಸಿ ಬೇರೆ ಗುಳಿಗೆ ಇಟ್ಟಾರೋ ಅಂತ. ಅವರು ಸೊರಗಿದ್ದರು. ಬಾಯಿಗೆ ತಾಮ್ರದ ರುಚಿ ಬರುತ್ತದೆ, ಊಟ ಸೇರುವುದಿಲ್ಲ ಅನ್ನುತ್ತಿದ್ದರು. ಅದೂ ನಾಟಕ ಅನ್ನಿಸುತ್ತಿತ್ತು ನನಗೆ, ಗುಳಿಗೆ ಬಿಡಿಸಿಕೊಳ್ಳುವ ನಾಟಕ.

ಆ ಹೊತ್ತಿಗೆ ರಾಯಚೂರಿನಿಂದ ಅತ್ತೆ ಬಂದರು. ಮಗನ ಕಾಲರ್ ಬೋನು ನೋಡಿ ಅತ್ತರು. ಬರುವಾಗ ಒಂದು ದೊಡ್ಡ ಬಾಟಲಿ ದ್ರಾಕ್ಷಾರಿಷ್ಟ ತಂದಿದ್ದರು. ನಮ್ಮ ಮಂದಿಗೆ ಅರಿಷ್ಟವೆಂದರೆ ಔಷಧವೂ ಅಲ್ಲ, ಅದು ಮನೆಯ ಸಾಮಾನು. ಬಾಣಂತಿಗೆ ಅದೇ, ಹಸಿವಾಗದಿದ್ದರೆ ಅದೇ, ಹೊಟ್ಟೆ ಉಬ್ಬಿದರೆ ಅದೇ. ಹೆಂಡದ ಅಂಗಡಿಯ ಮುಂದೆ ಹಾಯಬೇಕಾದರೆ ಮೂಗಿಗೆ ಸೆರಗು ಹಿಡಿಯುವ ನನ್ನ ಅತ್ತೆ ನಲವತ್ತು ವರ್ಷ ಊಟದ ಮೇಲೆ ಎರಡು ಚಮಚ ಕುಡಿದವರು.

ಭಾನುವಾರ ಮಧ್ಯಾಹ್ನ ನನ್ನ ಗಂಡ ಒಂದು ರೊಟ್ಟಿಯನ್ನೂ ಮುಗಿಸದೆ ತಾಟು ಸರಿಸಿದರು. ಅತ್ತೆ ಬಾಟಲಿಯ ಕಡೆ ಕೈ ತೋರಿಸಿದರು. ನಾನೇ ನಾಲ್ಕು ಚಮಚ ಬಗ್ಗಿಸಿ, ಅಷ್ಟೇ ನೀರು ಬೆರೆಸಿ ಕೊಟ್ಟೆ. ಬೆಳಗಿನ ಗುಳಿಗೆಯ ಲೋಟವೇ ಅದು. ಕುಡಿದು, ಕ್ಷೌರ ಮಾಡಿಸಿಕೊಂಡು ಬರುತ್ತೇನೆ ಅಂತ ಹೊರಟರು. ನಮ್ಮ ಓಣಿಯ ಕ್ಷೌರದಂಗಡಿಯ ಪಕ್ಕಕ್ಕೇ ವೈನ್ ಶಾಪ್ ಇತ್ತು. ನಾನು ಗಡಿಯಾರ ನೋಡಿದೆ.

ಅರ್ಧ ಗಂಟೆಗೆ ಬಾಗಿಲಲ್ಲಿ ನಿಂತಿದ್ದರು. ಮುಖ, ಕುತ್ತಿಗೆ, ಎದೆ ಕುಂಕುಮದ ಹಾಗೆ ಕೆಂಪು. ಬೆವರು ಇಳಿಯುತ್ತಿತ್ತು. ಒಳಗೆ ಬಂದವರೇ ಮೋರಿಯ ಹತ್ತಿರ ಕೂತು ವಾಂತಿ ಮಾಡಿದರು, ಅಲ್ಲೇ ನೆಲಕ್ಕೆ ಒರಗಿದರು. ಡಾಕ್ಟರು ಹೇಳಿದ್ದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಬಗ್ಗಿ ಮೂಸಿದೆ. ಹುಳಿಹುಳಿ ಸಿಹಿ ವಾಸನೆ. ನನ್ನ ಮೈಯೆಲ್ಲ ಉರಿದುಹೋಯಿತು.

"ಎಲ್ಲಿ ಕುಡದ್ರಿ?"

"ಕುಡದಿಲ್ಲ. ನಿನ್ನ ಆಣಿ."

"ವಾಸನಿ ಬರಾಕತ್ತೇತಿ, ಇನ್ನೂ ಸುಳ್ಳು ಹೇಳ್ತೀರಿ."

ಅವರು ಎದೆ ಹಿಡಿದುಕೊಂಡು ಇನ್ನೇನೋ ಹೇಳಲು ಹೋದರು, ಉಸಿರು ಸಾಲಲಿಲ್ಲ. ಆಗ ನಾನು ಮಾಡಿದ್ದನ್ನು ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆದೆ. ಕಪಾಟಿನ ಬೀಗ ತೆಗೆದು ಸೀರೆಗಳನ್ನು ಒಂದೊಂದಾಗಿ ಮಡಚಿ ಇಟ್ಟೆ, ಮಗಳ ಬಟ್ಟೆ ಇಟ್ಟೆ. ಹತ್ತು ನಿಮಿಷವಾದರೂ ಆಗಿರಬೇಕು. ಅವರು ನೆಲದ ಮೇಲೆ ಮಲಗಿ ನೋಡುತ್ತಿದ್ದರು. ಕೊನೆಗೆ ಅತ್ತೆ ನನ್ನ ರಟ್ಟೆ ಹಿಡಿದು, "ಹೋಗೂದಿದ್ರ ನಾಳಿ ಹೋಗವ್ವಾ. ಇವತ್ತ ನನ್ನ ಮಗನ ಜೀವಾ ಉಳಸು" ಅಂದರು. ಆಗ ಆಟೋ ತರಿಸಿದೆ. ಆಟೋದಲ್ಲಿಯೂ ಅವರ ಕೈ ಹಿಡಿಯಲಿಲ್ಲ.

ಆಸ್ಪತ್ರೆಯಲ್ಲಿ ಬಿ.ಪಿ. ತೀರ ಇಳಿದಿತ್ತು. ಕಾಲು ಎತ್ತರಿಸಿ ಮಲಗಿಸಿದರು, ಸಲೈನ್ ಏರಿಸಿದರು, ಮೂಗಿಗೆ ಆಮ್ಲಜನಕ ಇಟ್ಟರು. ಈ ಗುಳಿಗೆಯ ಮೇಲೆ ಕುಡಿದಿದ್ದಾರೆ ಅಂತ ನಾನೇ ಡ್ಯೂಟಿ ಡಾಕ್ಟರಿಗೆ ಹೇಳಿದೆ. ಸಂಜೆಯಾಗುವುದರೊಳಗೆ ಕೆಂಪು ಇಳಿಯಿತು, ಎದೆಬಡಿತ ಹದಕ್ಕೆ ಬಂತು. ಅಷ್ಟರಲ್ಲಿ ನಮ್ಮ ಡಾಕ್ಟರು ಬಂದರು. ಅವರು ನನ್ನ ಹಾಗೆ ಬಾಯಿ ಮೂಸಲಿಲ್ಲ, ಇವತ್ತು ಬೆಳಗಿನಿಂದ ಹೊಟ್ಟೆಗೆ ಏನೇನು ಹೋಯಿತು ಹೇಳಿ ಅಂದರು. ಕ್ಷೌರದವನು ಲೋಷನ್ ಹಚ್ಚಿದನೇ ಅಂತ ಕೇಳಿದರು. ನನ್ನ ಗಂಡ ಸಣ್ಣ ದನಿಯಲ್ಲಿ, ಬೇಡವೆಂದು ಮೊದಲೇ ಹೇಳಿದ್ದೆ, ಅವನು ನಕ್ಕ ಅಂದರು. ನಾನು ಚಹಾ, ಉಪ್ಪಿಟ್ಟು, ರೊಟ್ಟಿ, ಪಲ್ಯ ಅಂತ ಹೇಳುತ್ತ ಹೋದೆ. ಅರಿಷ್ಟವನ್ನು ಹೇಳಲೇ ಇಲ್ಲ. ಹೇಳಬೇಕಾದ್ದು ಅಂತ ಹೊಳೆಯಲೇ ಇಲ್ಲ. ಅತ್ತೆ ಹೇಳಿದರು.

ಡಾಕ್ಟರು ಮನೆಯಿಂದ ಬಾಟಲಿ ತರಿಸಿ, ಅದರ ಲೇಬಲಿನ ಸಣ್ಣ ಅಕ್ಷರ ಓದಿ, ನನ್ನ ಕೈಗೇ ಕೊಟ್ಟರು. ತಾನಾಗಿ ಹುಟ್ಟಿದ ಮದ್ಯಸಾರ ಇದರಲ್ಲಿ ಇದೆ ಅಂತ ಅಚ್ಚಾಗಿತ್ತು. ದ್ರಾಕ್ಷಿ, ಬೆಲ್ಲ ಕೂಡಿಸಿ ತಿಂಗಳುಗಟ್ಟಲೆ ಹುದುಗೇಳಲು ಇಟ್ಟರೆ ಇನ್ನೇನು ಹುಟ್ಟುತ್ತದೆ ತಾಯೀ, ಎಲ್ಲರಿಗೂ ಇಷ್ಟರಿಂದ ಹೀಗಾಗುವುದಿಲ್ಲ, ಇವರಿಗೆ ಆಯಿತು ಅಂದರು. ನಾನು ಆ ಸಾಲನ್ನು ಇನ್ನೊಮ್ಮೆ ಓದಿದೆ. ಹೇಳದೆ ಔಷಧ ಕುಡಿಸಲು ಹೊರಟವಳು ನಾನು, ಹೇಳದೆ ಮದ್ಯ ಕುಡಿಸಿದವಳೂ ನಾನೇ. ಅದನ್ನು ಕುಡಿದ ಮನುಷ್ಯನ ಬಾಯಿ ಮೂಸಿ ಸುಳ್ಳುಗಾರ ಅಂದವಳೂ ನಾನೇ.

ಡಾಕ್ಟರು ಆ ಗುಳಿಗೆ ನಿಲ್ಲಿಸಿದರು. ಕಿಡ್ನಿಯ ಪರೀಕ್ಷೆ ನೋಡಿ, ಅಕಾಂಪ್ರೋಸೇಟ್ ಬರೆದುಕೊಟ್ಟರು. ಇದನ್ನು ಯಾರೂ ಕಾಯುವುದು ಬೇಡ, ಇವರೇ ಎಣಿಸಿ ನುಂಗಲಿ ಅಂತ ನನ್ನ ಕಡೆ ನೋಡಿ ಹೇಳಿದರು. ಹಳೆಯ ಗುಳಿಗೆ ಮೈಯಲ್ಲಿ ಇನ್ನೂ ಎರಡು ವಾರ ಇರುವುದರಿಂದ ಎಚ್ಚರ ಬಿಡಬಾರದು ಅಂದರು.

ಅವರು ಹೋದ ಮೇಲೆ ನರ್ಸ್ ಬಂದು, ಬಂದಾಗ ಬಿಚ್ಚಿದ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದು ಅಂತ ಒಂದು ಚೀಟಿ ಕೊಟ್ಟಳು. ಎರಡು ತಿಂಗಳ ಬೆವರಿಗೆ ಅದರ ಮಡಿಕೆಗಳು ಹರಿದಿದ್ದವು. ಈ ವ್ಯಕ್ತಿ ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದಾನೆ, ಮುಖ ಕೆಂಪಾಗಿ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ ಅಂತ ಇಂಗ್ಲಿಷಿನಲ್ಲೂ ತೆಲುಗಿನಲ್ಲೂ ಅಚ್ಚು ಹಾಕಿತ್ತು. ಕೆಳಗೆ, ಕೂಡಲೇ ಕರೆಯಬೇಕಾದವರು ಅನ್ನುವ ಜಾಗದಲ್ಲಿ, ನನ್ನ ಗಂಡ ತಮ್ಮ ದುಂಡಗಿನ ಅಕ್ಷರದಲ್ಲಿ ನನ್ನ ಹೆಸರು ಬರೆದಿದ್ದರು.

ಮರುದಿನ ಮನೆಗೆ ಬಂದೆವು. ಸೂಟ್‌ಕೇಸ್ ಮಂಚದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ನಾನು ಒಂದು ಲೋಟ ನೀರು ತಂದುಕೊಟ್ಟೆ. ಅವರು ಎರಡು ಗುಳಿಗೆ ನುಂಗಿ, ನಾನು ಕೇಳದಿದ್ದರೂ, ಬಾಯಿ ತೆರೆದು ನಾಲಿಗೆ ಎತ್ತಿದರು.

"ಬ್ಯಾಡ್ರಿ," ಅಂದೆ. "ಬಾಯಿ ಮುಚ್ಚರಿ." ಅಳು ಬಂತು, ಅವರ ಮುಂದೆಯೇ ಅತ್ತುಬಿಟ್ಟೆ.